ಪಂಪಿನ ಒತ್ತಡ ಇಳಿಸಿದಾಗ ಕಂಡದ್ದು: ಪುಣೆಯ ಒಂದು ಕಟ್ಟಡದಲ್ಲಿ ಪಿಐಸಿವಿ ಕಮಿಷನಿಂಗ್

ಪುಣೆಯ ಖರಾಡಿ ಭಾಗದಲ್ಲಿ ಏಳು ಮಹಡಿಗಳ ಒಂದು ಕಚೇರಿ ಕಟ್ಟಡದ ಚಿಲ್ಡ್ ವಾಟರ್ ವ್ಯವಸ್ಥೆಯನ್ನು ಕಮಿಷನ್ ಮಾಡುವ, ಅಂದರೆ ನಡೆಸಿ ಅಳೆದು ಸರಿಹೊಂದಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಟೆರೇಸಿನ ಮೇಲೆ ಏರ್ ಕೂಲ್ಡ್ ಚಿಲ್ಲರ್‌ಗಳು, ಅವುಗಳ ಪಕ್ಕದಲ್ಲಿ ವೇಗ ಬದಲಿಸುವ ವಿಎಫ್‌ಡಿ ಅಳವಡಿಸಿದ ಸೆಕೆಂಡರಿ ಪಂಪುಗಳು, ಅಲ್ಲಿಂದ ಕೆಳಗಿಳಿಯುವ ರೈಸರ್ ಪೈಪು, ಪ್ರತಿ ಮಹಡಿಯಲ್ಲಿ ಹದಿನಾಲ್ಕರಂತೆ ಕೋಣೆಯ ಗಾಳಿಯನ್ನು ತಂಪು ಮಾಡುವ ಒಟ್ಟು 98 ಫ್ಯಾನ್ ಕಾಯಿಲ್ ಯುನಿಟ್‌ಗಳು. ಪ್ರತಿ ಯುನಿಟ್ಟಿನ ರಿಟರ್ನ್ ಪೈಪಿನಲ್ಲಿ ಒಂದು ಪಿಐಸಿವಿ, ಅಂದರೆ ಒತ್ತಡದ ಏರಿಳಿತಕ್ಕೆ ಸಿಕ್ಕಿಕೊಳ್ಳದೆ ನೀರಿನ ಹರಿವನ್ನು ನಿಯಂತ್ರಿಸುವ ವಾಲ್ವ್ ಇತ್ತು. ನಾನು ಹೋಗುವ ಹೊತ್ತಿಗೆ ಪೈಪುಗಳನ್ನು ತೊಳೆಯುವ ಫ್ಲಷಿಂಗ್ ಮುಗಿದಿತ್ತು, ವಾಲ್ವುಗಳ ಡಯಲ್‌ಗಳನ್ನು ಸೆಟ್ ಮಾಡಿ ಆಗಿತ್ತು, ಗುತ್ತಿಗೆದಾರರ ವರದಿಯಲ್ಲಿ ಎಲ್ಲ ಯುನಿಟ್‌ಗಳ ಎದುರಿಗೂ ‘ಸರಿ’ ಎಂದು ಬರೆದಿತ್ತು. ನನ್ನ ಕೆಲಸ ಅದನ್ನು ಪರಿಶೀಲಿಸಿ ಪಂಪು ಕಾಯ್ದುಕೊಳ್ಳಬೇಕಾದ ಒತ್ತಡವನ್ನು, ಅಂದರೆ ಸೆಟ್‌ಪಾಯಿಂಟನ್ನು ನಿರ್ಧರಿಸುವುದಷ್ಟೇ ಆಗಿತ್ತು.

ಹಳೆಯ ಪದ್ಧತಿಯ ಬ್ಯಾಲೆನ್ಸಿಂಗ್ ಮಾಡಿದವರಿಗೆ ಈ ವಾಲ್ವ್ ತಂದ ಬದಲಾವಣೆ ಎಷ್ಟು ದೊಡ್ಡದೆಂದು ಗೊತ್ತಿರುತ್ತದೆ. ಮೊದಲು ಪ್ರತಿ ಯುನಿಟ್ಟಿಗೂ ಕೈಯಿಂದ ತಿರುಗಿಸುವ ಬ್ಯಾಲೆನ್ಸಿಂಗ್ ವಾಲ್ವ್ ಇರುತ್ತಿತ್ತು. ಕಾಲುವೆಯ ಮೇಲ್ಭಾಗದ ರೈತ ತೂಬು ಎತ್ತಿದರೆ ಕೊನೆಯ ರೈತನ ಹೊಲ ಒಣಗುವಂತೆ, ಒಂದು ವಾಲ್ವನ್ನು ತೆರೆದರೆ ಉಳಿದೆಲ್ಲವುಗಳ ಹರಿವು ಬದಲಾಗುತ್ತಿತ್ತು. ಆದ್ದರಿಂದ ಅತಿ ಕಡಿಮೆ ನೀರು ಸಿಗುವ ಯುನಿಟ್ಟನ್ನು ಹಿಡಿದು, ಅದರ ಅನುಪಾತಕ್ಕೆ ಉಳಿದವನ್ನು ಒಂದೊಂದಾಗಿ ಹೊಂದಿಸುತ್ತ, ಮತ್ತೆ ಮತ್ತೆ ಅಳೆಯಬೇಕಾಗುತ್ತಿತ್ತು. ಅಷ್ಟು ಮಾಡಿದರೂ ಆ ಸಮತೋಲನ ಪೂರ್ಣ ಹರಿವಿನಲ್ಲಿ ಮಾತ್ರ ನಿಲ್ಲುತ್ತಿತ್ತು. ಅರ್ಧ ಯುನಿಟ್‌ಗಳು ಮುಚ್ಚಿಕೊಂಡ ಕೂಡಲೇ ಉಳಿದವುಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ನುಗ್ಗುತ್ತಿತ್ತು.

ಪಿಐಸಿವಿಯ ಒಳಗೆ ಎರಡು ಭಾಗಗಳು ಸೇರಿರುತ್ತವೆ. ಒಂದು, ಡಯಲ್‌ನಿಂದ ಗರಿಷ್ಠ ಹರಿವನ್ನು ನಿಗದಿಪಡಿಸಿ ಆಕ್ಚುಯೇಟರ್‌ನಿಂದ ತೆರೆದು ಮುಚ್ಚುವ ಕಿಂಡಿ. ಇನ್ನೊಂದು, ಆ ಕಿಂಡಿಯ ಎರಡು ಬದಿಯ ಒತ್ತಡ ವ್ಯತ್ಯಾಸವನ್ನು ಸದಾ ಒಂದೇ ಮಟ್ಟದಲ್ಲಿಡುವ ಸ್ಪ್ರಿಂಗ್ ಮತ್ತು ಡಯಾಫ್ರಾಮ್‌ನ ಜೋಡಿ. ಹೊರಗೆ ಒತ್ತಡ ಹೆಚ್ಚಾದರೆ ಡಯಾಫ್ರಾಮ್ ಬಾಗಿ ಆ ಹೆಚ್ಚಳವನ್ನು ತಾನೇ ನುಂಗಿಕೊಳ್ಳುತ್ತದೆ, ಕಿಂಡಿಯ ಪಾಲಿಗೆ ಏನೂ ಬದಲಾಗುವುದಿಲ್ಲ. ಹೀಗಾಗಿ ಪಕ್ಕದ ಯುನಿಟ್ ತೆರೆಯಲಿ, ಮುಚ್ಚಲಿ, ಹರಿವು ಹಾಗೆಯೇ ಇರುತ್ತದೆ. ಆದರೆ ಇದಕ್ಕೊಂದು ಷರತ್ತು ಇದೆ. ವಾಲ್ವಿನ ಎರಡು ತುದಿಗಳ ನಡುವೆ ಕನಿಷ್ಠ ಇಷ್ಟು ಒತ್ತಡ ವ್ಯತ್ಯಾಸ ಇರಲೇಬೇಕು. ನಮ್ಮಲ್ಲಿ ಹಾಕಿದ ಮಾದರಿಗೆ, ದೊಡ್ಡ ಯುನಿಟ್‌ಗಳ ಡಯಲ್ ಸ್ಥಾನದಲ್ಲಿ ಅದು 22 ಕಿಲೋಪಾಸ್ಕಲ್ ಆಗಿತ್ತು. ಅದಕ್ಕಿಂತ ಕಡಿಮೆಯಾದರೆ ಸ್ಪ್ರಿಂಗ್ ಪೂರ್ತಿ ಸಡಿಲಗೊಂಡು ಡಯಾಫ್ರಾಮ್ ಕೆಲಸ ನಿಲ್ಲಿಸುತ್ತದೆ. ಆಗ ಅದು ಹಿತ್ತಾಳೆಯ ಒಂದು ಸಾಧಾರಣ ಕಿಂಡಿ, ಅಷ್ಟೇ. ಡಯಲ್ ಮೇಲೆ ಗಂಟೆಗೆ 1,090 ಲೀಟರ್ ಎಂದು ಬರೆದಿರಬಹುದು, ಒಳಗೆ ಹರಿಯುವುದು ಬೇರೆಯೇ ಇರಬಹುದು. ಡಯಲ್ ತಿರುಗಿಸಿದ್ದನ್ನೇ ಕಮಿಷನಿಂಗ್ ಎಂದು ಕರೆಯುವುದು ಇತ್ತೀಚೆಗೆ ರೂಢಿಯಾಗುತ್ತಿದ್ದು, ಅದನ್ನು ನಾನು ಒಪ್ಪುವುದಿಲ್ಲ.

ಡಯಲ್‌ನ ಅಂಕಿ ಎಲ್ಲಿಂದ ಬಂತೆಂಬುದನ್ನು ಮೊದಲು ನೋಡಿಕೊಂಡೆ. ನೀರು 44 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹೋಗಿ 54ರಲ್ಲಿ ಹಿಂದಿರುಗುವಂತೆ ವಿನ್ಯಾಸ ಮಾಡಿದ್ದರು. ನಮ್ಮ ದೇಶದ ಎಸಿ ಕೆಲಸದಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕದಂತೆ, ಹತ್ತು ಡಿಗ್ರಿ ವ್ಯತ್ಯಾಸಕ್ಕೆ ಒಂದು ಟನ್ನಿಗೆ ನಿಮಿಷಕ್ಕೆ 2.4 ಅಮೆರಿಕನ್ ಗ್ಯಾಲನ್ ನೀರು ಬೇಕು. ಅದು ಗಂಟೆಗೆ ಸುಮಾರು 545 ಲೀಟರ್. ಎರಡು ಟನ್ನಿನ ಯುನಿಟ್ಟಿಗೆ 1,090 ಲೀಟರ್. ಡ್ರಾಯಿಂಗ್‌ನಲ್ಲಿ ಗ್ಯಾಲನ್, ವಾಲ್ವಿನ ಡಯಲ್‌ನಲ್ಲಿ ಲೀಟರ್, ಪಂಪಿನ ಫಲಕದ ಮೇಲೆ ಘನ ಮೀಟರ್ ಇದ್ದುದರಿಂದ ಎಲ್ಲವನ್ನೂ ಒಂದೇ ಮಾನಕ್ಕೆ ತಂದು ಪಟ್ಟಿ ಬರೆದುಕೊಂಡದ್ದು ಮುಂದೆ ಬಹಳ ಅನುಕೂಲವಾಯಿತು. ಡಯಲ್‌ಗಳಲ್ಲಿ ದೋಷವಿರಲಿಲ್ಲ.

ಪಂಪಿನ ವೇಗವನ್ನು ನಿರ್ಧರಿಸುವ ಒತ್ತಡ ವ್ಯತ್ಯಾಸದ ಸೆನ್ಸರ್ ಮೊದಲ ಮಹಡಿಯ ಕೊನೆಯ ತುದಿಯಲ್ಲಿ, ಮೂಲೆಯ ಸಭಾಕೊಠಡಿಯ ಯುನಿಟ್ಟಿಗೆ ಪೈಪು ಒಡೆಯುವ ಜಾಗದಲ್ಲಿತ್ತು. ಟೆರೇಸಿನಿಂದ ಅತಿ ದೂರದ ಸ್ಥಳ ಅದೇ ಆದ್ದರಿಂದ ಆಯ್ಕೆ ಸರಿಯಾಗಿಯೇ ಇತ್ತು. ಸಪ್ಲೈ ಮತ್ತು ರಿಟರ್ನ್ ಪೈಪುಗಳ ನಡುವೆ ಆ ಜಾಗದಲ್ಲಿ ಇಷ್ಟು ಒತ್ತಡ ವ್ಯತ್ಯಾಸ ಉಳಿಯುವಂತೆ ವಿಎಫ್‌ಡಿ ಪಂಪನ್ನು ನಡೆಸಬೇಕು. ಎಷ್ಟು? ವಿಎಫ್‌ಡಿಯಲ್ಲಿ 100 ಕಿಲೋಪಾಸ್ಕಲ್, ಅಂದರೆ ಒಂದು ಬಾರ್ ಎಂದಿತ್ತು. ಏಕೆಂದು ಕೇಳಿದಾಗ ಗುತ್ತಿಗೆದಾರರ ಎಂಜಿನಿಯರ್, “ನಾವು ಎಲ್ಲ ಸೈಟಿನಲ್ಲೂ ಒಂದು ಬಾರ್ ಇಡುತ್ತೇವೆ, ಯಾರೂ ದೂರಿಲ್ಲ” ಎಂದರು.

ನಾನು ಕಾಗದದ ಮೇಲೆ ಕೂಡಿಸಿ ನೋಡಿದೆ. ಆ ಮೂಲೆಯ ಎರಡು ಟನ್ನಿನ ಯುನಿಟ್ಟಿಗೆ ಪೂರ್ಣ ಹರಿವಿನಲ್ಲಿ ಕಾಯಿಲ್‌ನಲ್ಲಿ 14, ಕಸ ಹಿಡಿಯುವ ಸ್ಟ್ರೈನರ್ ಮತ್ತು ಬಾಲ್ ವಾಲ್ವುಗಳಲ್ಲಿ 5, ಸೆನ್ಸರ್ ಜಾಗದಿಂದ ಯುನಿಟ್ಟಿನವರೆಗಿನ ಸಣ್ಣ ಪೈಪಿನಲ್ಲಿ 4, ಒಟ್ಟು 23 ಕಿಲೋಪಾಸ್ಕಲ್ ಕಳೆಯುತ್ತದೆ. ಪಿಐಸಿವಿಗೆ ಕನಿಷ್ಠ 22 ಉಳಿಯಬೇಕು. ಅಲ್ಲಿಗೆ 45 ಸಾಕು. ಸ್ವಲ್ಪ ಕೈಯಲ್ಲಿರಲೆಂದು 50 ಇಟ್ಟುಕೊಂಡರೂ ಅದು ಒಂದು ಬಾರಿನ ಅರ್ಧ. ಉಳಿದ 50 ಯಾವುದಕ್ಕೂ ಬೇಡದ ಒತ್ತಡ. ಪಂಪು ವಿದ್ಯುತ್ ಖರ್ಚು ಮಾಡಿ ಅದನ್ನು ಹುಟ್ಟಿಸುತ್ತದೆ, ವಾಲ್ವಿನ ಡಯಾಫ್ರಾಮ್ ಅದನ್ನು ಸದ್ದಿಲ್ಲದೆ ನುಂಗುತ್ತದೆ. ಕೋಣೆಯಲ್ಲಿ ಕುಳಿತವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಯಾರೂ ದೂರದಿರುವುದಕ್ಕೆ ಕಾರಣವೂ ಅದೇ.

ಒತ್ತಡ ಇಳಿಸಿ ಪರೀಕ್ಷಿಸುವ ಮೊದಲು ಒಂದು ತೊಡಕನ್ನು ಬಗೆಹರಿಸಬೇಕಾಯಿತು. ಎಲ್ಲ 98 ಯುನಿಟ್‌ಗಳ ವಾಲ್ವುಗಳನ್ನೂ ಕಟ್ಟಡದ ನಿಯಂತ್ರಣ ಕಂಪ್ಯೂಟರಾದ ಬಿಎಂಎಸ್‌ನಿಂದ ಪೂರ್ತಿ ತೆರೆಸಿ ಪಂಪನ್ನು ಚಾಲೂ ಮಾಡಿದಾಗ, ಅದು 50 ಹರ್ಟ್ಜ್‌ನ ಪೂರ್ಣ ವೇಗಕ್ಕೆ ಹೋದರೂ ಸೆನ್ಸರ್ 40 ಕಿಲೋಪಾಸ್ಕಲ್‌ನ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಸೈಟಿನಲ್ಲಿದ್ದವರೆಲ್ಲ ಪಂಪು ಚಿಕ್ಕದಾಯಿತೆಂದರು. ಸ್ಟ್ಯಾಂಡ್‌ಬೈ ಪಂಪನ್ನೂ ಜೊತೆಗೆ ಹಚ್ಚಿಬಿಡೋಣವೆಂದು ಒಬ್ಬರು ಸೂಚಿಸಿದರು. ಆದರೆ ಪಂಪು ಚಿಕ್ಕದಾಗಿರಲಿಲ್ಲ. ಎಲ್ಲ ಯುನಿಟ್‌ಗಳ ಡಯಲ್‌ಗಳನ್ನು ಕೂಡಿಸಿದರೆ ಗಂಟೆಗೆ 96 ಘನ ಮೀಟರ್ ಆಗುತ್ತದೆ. ಕಟ್ಟಡದ ಪೂರ್ವದ ಮತ್ತು ಪಶ್ಚಿಮದ ಕೋಣೆಗಳಿಗೆ ಒಂದೇ ಹೊತ್ತಿನಲ್ಲಿ ಗರಿಷ್ಠ ಬಿಸಿಲು ಬೀಳುವುದಿಲ್ಲ, ಎಲ್ಲ ಸಭಾಕೊಠಡಿಗಳೂ ಒಟ್ಟಿಗೆ ತುಂಬುವುದಿಲ್ಲ. ಆದ್ದರಿಂದ ವಿನ್ಯಾಸಕಾರರು ಶೇಕಡಾ 80ರ ಲೆಕ್ಕದಲ್ಲಿ ಪಂಪಿಗೆ 77 ಘನ ಮೀಟರ್ ಎಂದು ಬರೆದಿದ್ದರು. ವಾಸ್ತವದಲ್ಲಿ ಎಂದೂ ಬರದ ಸ್ಥಿತಿಯನ್ನು ನಾವೇ ಸೃಷ್ಟಿಸಿ ಪಂಪನ್ನು ದೂರುತ್ತಿದ್ದೆವು. ಪಿಐಸಿವಿ ಇರುವ ವ್ಯವಸ್ಥೆಯಲ್ಲಿ ಇದರ ಪರಿಣಾಮ ಇನ್ನೂ ತೀಕ್ಷ್ಣ: ಹತ್ತಿರದ ವಾಲ್ವುಗಳು ತಮ್ಮ ಪಾಲನ್ನು ಒಂದು ಲೀಟರೂ ಬಿಟ್ಟುಕೊಡದೆ ತೆಗೆದುಕೊಳ್ಳುತ್ತವೆ, ಕೊರತೆಯೆಲ್ಲ ದೂರದವುಗಳ ತಲೆಯ ಮೇಲೆ ಬೀಳುತ್ತದೆ.

ಹಾಗಾಗಿ ಪಂಪಿಗೆ ಅತಿ ಹತ್ತಿರದ ಏಳನೆಯ ಮಹಡಿಯ ಹದಿನಾಲ್ಕನ್ನೂ ಆರನೆಯ ಮಹಡಿಯ ಆರು ಯುನಿಟ್‌ಗಳನ್ನೂ ಮುಚ್ಚಿಸಿದೆ. ಉಳಿದವುಗಳ ಮೊತ್ತ 77ರ ಹತ್ತಿರ ಬಂತು, ಸೆನ್ಸರ್ ನಿರಾಯಾಸವಾಗಿ ಸೆಟ್‌ಪಾಯಿಂಟ್ ಮುಟ್ಟಿತು. ಮುಚ್ಚುವುದಕ್ಕೆ ಹತ್ತಿರದವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅಷ್ಟೂ ನೀರು ಪೂರ್ತಿ ರೈಸರ್ ಇಳಿದು ದೂರದ ಮಹಡಿಗಳಿಗೆ ಹೋಗಬೇಕಾದಾಗ ಪೈಪಿನಲ್ಲಿ ಅತಿ ಹೆಚ್ಚು ಒತ್ತಡ ಕಳೆಯುತ್ತದೆ. ಈ ಕಷ್ಟದ ಸ್ಥಿತಿಯಲ್ಲಿ ಕೊನೆಯ ಯುನಿಟ್ಟಿಗೆ ನೀರು ತಲುಪಿದರೆ ಬೇರೆ ಯಾವ ಹಂಚಿಕೆಯಲ್ಲೂ ತಲುಪುತ್ತದೆ. ಬಿಎಂಎಸ್ ‘ಪೂರ್ತಿ ತೆರೆದಿದೆ’ ಎಂದು ತೋರಿಸಿದ ಕೂಡಲೇ ಅಳತೆ ಶುರು ಮಾಡಬಾರದೆಂಬುದನ್ನೂ ಇಲ್ಲೇ ಹೇಳಬೇಕು. ನಮ್ಮಲ್ಲಿದ್ದವು ಥರ್ಮಲ್ ಆಕ್ಚುಯೇಟರ್‌ಗಳು. ಒಳಗಿನ ಮೇಣ ಕಾದು ಹಿಗ್ಗಿದ ಮೇಲೆ ತಾನೆ ಅವು ತೆರೆಯುವುದು, ಅದಕ್ಕೆ ಕೆಲವು ನಿಮಿಷಗಳು ಬೇಕು.

ಮಳೆಗಾಲವಾದ್ದರಿಂದ ಕಟ್ಟಡದಲ್ಲಿ ತಂಪು ಮಾಡಬೇಕಾದ ಬಿಸಿಯೇ ಇರಲಿಲ್ಲ. ಚಿಲ್ಲರ್ ಹಚ್ಚಿದರೆ ಲೋಡ್ ಇಲ್ಲದೆ ಮತ್ತೆ ಮತ್ತೆ ನಿಲ್ಲುತ್ತಿತ್ತು. ನೀರಿನ ಹರಿವು ನೋಡಲು ಚಿಲ್ಲರ್ ಬೇಕಿಲ್ಲ ಎಂದು ಪಂಪನ್ನು ಮಾತ್ರ ನಡೆಸಿದೆ. ಇದರಲ್ಲೊಂದು ಸೂಕ್ಷ್ಮವಿದೆ. 25 ಡಿಗ್ರಿ ಸೆಲ್ಸಿಯಸ್‌ನ ನೀರಿಗಿಂತ 7 ಡಿಗ್ರಿಯ ನೀರು ದಪ್ಪ, ಅದರ ಸ್ನಿಗ್ಧತೆ ಒಂದೂವರೆ ಪಟ್ಟಿಗೂ ಹೆಚ್ಚು. ಪೈಪು ಮತ್ತು ಕಾಯಿಲ್‌ಗಳಲ್ಲಿ ಅದೇ ಹರಿವಿಗೆ ಸುಮಾರು ಶೇಕಡಾ 10ರಷ್ಟು ಹೆಚ್ಚು ಒತ್ತಡ ಕಳೆಯುತ್ತದೆ. ಬೆಚ್ಚನೆಯ ನೀರಿನಲ್ಲಿ ಸರಿಯಾಗಿ ಅಂಚಿಗೆ ಬಂದ ಸೆಟ್‌ಪಾಯಿಂಟ್ ತಣ್ಣನೆಯ ನೀರಿನಲ್ಲಿ ಸಾಲದಾಗಬಹುದು. ಕೊನೆಯ ಅಂಕಿ ಬರೆಯುವಾಗ ಇದನ್ನು ಸೇರಿಸಬೇಕು.

ಸೆನ್ಸರನ್ನು ಮ್ಯಾನೋಮೀಟರ್ ಜೊತೆ ಹೋಲಿಸಿ, ಅದರ ಸಣ್ಣ ಕೊಳವೆಗಳಲ್ಲಿ ಗಾಳಿ ಉಳಿದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಸೆಟ್‌ಪಾಯಿಂಟನ್ನು 100ರಿಂದ 50ಕ್ಕೆ ಇಳಿಸಿ ಮೂಲೆಯ ಸಭಾಕೊಠಡಿಗೆ ಹೋದೆ. ನನ್ನ ಜೊತೆಗೆ ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಹಿರಿಯ ಫಿಟ್ಟರ್ ಒಬ್ಬರು ಇದ್ದರು. ಸೈಟಿನಲ್ಲಿ ಕನ್ನಡದವರು, ಮರಾಠಿಯವರು ಎಲ್ಲರಿಗೂ ಅವರು ಕಾಕಾ. ಫಾಲ್ಸ್ ಸೀಲಿಂಗ್ ಸರಿಸಿ, ಏಣಿಯ ಮೇಲೆ ನಿಂತು, ವಾಲ್ವಿನ ಎರಡು ಟೆಸ್ಟ್ ಪಾಯಿಂಟ್‌ಗಳಿಗೆ ಮ್ಯಾನೋಮೀಟರಿನ ಸೂಜಿಗಳನ್ನು ಅವರು ಚುಚ್ಚಿದರು. 27 ಬರಬೇಕಿತ್ತು, 11 ಬಂತು. ಕನಿಷ್ಠ ಮಟ್ಟದ ಅರ್ಧ.

“ಪಂಪ್ ಇನ್ನೊಂದೀಟು ಏರಸ್ರಿ ಸಾಹೇಬ್ರ, ಮೊದಲ ಎಲ್ಲಾ ಬರೋಬ್ಬರಿ ಇತ್ತು,” ಎಂದರು ಕಾಕಾ.

“ಏರಿಸೋಣ ಕಾಕಾ, ಆದ್ರ ಮೊದಲ ಕಾಯಿಲ್ ಮ್ಯಾಲ ಹಚ್ಚಿ ನೋಡ್ರಿ,” ಎಂದೆ.

ಇದು ಈ ಕೆಲಸದಲ್ಲಿ ನಾನು ಅತಿ ಹೆಚ್ಚು ನಂಬುವ ಉಪಾಯ. ಇಪ್ಪತ್ತು ಮಿಲಿಮೀಟರಿನ ಪೈಪಿನ ಮೇಲೆ ಅಲ್ಟ್ರಾಸೋನಿಕ್ ಮೀಟರ್ ಕಟ್ಟಿದರೆ ಅದರ ಅಂಕಿಯನ್ನು ನಂಬುವುದು ಕಷ್ಟ. ಮಹಡಿಯ ದೊಡ್ಡ ಪೈಪಿಗೆ ಕಟ್ಟಿದರೆ, ಹದಿನಾಲ್ಕು ಯುನಿಟ್‌ಗಳಲ್ಲಿ ಒಂದರ ಕೊರತೆ ಮೀಟರಿನ ದೋಷದ ಮಿತಿಯೊಳಗೇ ಮುಳುಗಿಹೋಗುತ್ತದೆ. ಬಹಳಷ್ಟು ಪಿಐಸಿವಿಗಳಲ್ಲಿ ಹರಿವನ್ನು ನೇರವಾಗಿ ಅಳೆಯುವ ವ್ಯವಸ್ಥೆಯೂ ಇರುವುದಿಲ್ಲ. ಟೆಸ್ಟ್ ಪಾಯಿಂಟ್‌ಗಳು ಹೇಳುವುದು ಒತ್ತಡ ಸಾಕೋ ಇಲ್ಲವೋ ಎಂಬುದನ್ನು ಮಾತ್ರ. ಆದರೆ ಕಾಯಿಲ್ ಎಂಬುದು ಬದಲಾಗದ ಒಂದು ಪ್ರತಿರೋಧ. ತಯಾರಕರ ಪಟ್ಟಿಯಲ್ಲಿ ಪೂರ್ಣ ಹರಿವಿಗೆ ಅದರ ಒತ್ತಡ ಇಳಿಕೆ ಎಷ್ಟೆಂದು ಕೊಟ್ಟಿರುತ್ತಾರೆ, ಮತ್ತು ಹರಿವು ಆ ಇಳಿಕೆಯ ವರ್ಗಮೂಲದಂತೆ ಬದಲಾಗುತ್ತದೆ. ಒಳಗೆ ಗಾಳಿ ಉಳಿದಿರದಿದ್ದರೆ ಸಾಕು, ಕಾಯಿಲನ್ನೇ ಮೀಟರಾಗಿ ಬಳಸಬಹುದು.

ಕಾಯಿಲ್ ಮೇಲೆ 14 ಬರಬೇಕಾದಲ್ಲಿ 7 ಬಂತು. ಅರ್ಧದ ವರ್ಗಮೂಲ 0.71, ಅಂದರೆ ಹರಿವು 1,090ರ ಬದಲು 770 ಲೀಟರ್. ವಾಲ್ವಿನ ಕಡೆಯಿಂದ ನೋಡಿದರೂ ಅದೇ ಉತ್ತರ: 22ಕ್ಕೆ ಪೂರ್ಣ ಹರಿವು ಕೊಡುವ ಕಿಂಡಿ 11ಕ್ಕೆ ಶೇಕಡಾ 71 ಕೊಡುತ್ತದೆ. ಎರಡು ಬೇರೆ ಅಳತೆಗಳು ಒಂದೇ ಮಾತು ಹೇಳಿದವು, ಹಾಗಾಗಿ ಉಪಕರಣದ ಮೇಲೆ ಅನುಮಾನ ಉಳಿಯಲಿಲ್ಲ. ಈಗ ಲೆಕ್ಕ ಮುಂದುವರಿಸಿದೆ. ಈ ಹರಿವಿನಲ್ಲಿ ಕಾಯಿಲ್, ಸ್ಟ್ರೈನರ್, ಪೈಪು ಎಲ್ಲ ಸೇರಿ 23ರ ಅರ್ಧ, ಅಂದರೆ ಹನ್ನೊಂದೂವರೆ ಕಳೆಯಬೇಕು. ವಾಲ್ವಿನಲ್ಲಿ 11. ಒಟ್ಟು ಇಪ್ಪತ್ತೆರಡೂವರೆ. ಆದರೆ ಸೆನ್ಸರ್ ಜಾಗದಲ್ಲಿ ಇರುವುದು 50. ಉಳಿದ ಇಪ್ಪತ್ತೇಳೂವರೆ ಕಿಲೋಪಾಸ್ಕಲ್ ಎಲ್ಲೋ ಕಳೆದುಹೋಗುತ್ತಿದೆ, ಅದೂ ಕಾಯಿಲ್‌ನಲ್ಲಾಗಲಿ ವಾಲ್ವಿನಲ್ಲಾಗಲಿ ಅಲ್ಲ. ಇನ್ನುಳಿದದ್ದು ಸ್ಟ್ರೈನರ್.

ಕಾಕಾ ಎರಡು ಕಡೆಯ ಬಾಲ್ ವಾಲ್ವ್ ಮುಚ್ಚಿ ಸ್ಟ್ರೈನರಿನ ಮುಚ್ಚಳ ಬಿಚ್ಚಿದರು. ಜಾಲರಿಯ ಒಳಗೆ ಟೆಫ್ಲಾನ್ ಟೇಪಿನ ಚೂರುಗಳು, ವೆಲ್ಡಿಂಗಿನ ಕಿಟ್ಟ, ಪೈಪು ಕತ್ತರಿಸುವಾಗ ಉದುರಿದ ಕಬ್ಬಿಣದ ಸುರುಳಿಗಳು ಒಂದು ಹಿಡಿಯಷ್ಟಿದ್ದವು. ಫ್ಲಷಿಂಗ್ ಮಾಡುವಾಗ ನೀರನ್ನು ವಾಲ್ವ್ ಮತ್ತು ಕಾಯಿಲ್‌ಗಳ ಮೂಲಕ ಬಿಡದೆ, ಸಪ್ಲೈ ಮತ್ತು ರಿಟರ್ನ್ ನಡುವಿನ ಬೈಪಾಸ್ ಪೈಪಿನಿಂದ ತಿರುಗಿಸುತ್ತಾರೆ. ಪಿಐಸಿವಿಯ ಒಳಗಿನ ಸಣ್ಣ ದಾರಿಗಳಿಗೆ ಕಸ ಹೊಗಬಾರದೆಂದು ಹಾಗೆ ಮಾಡಲೇಬೇಕು. ಆದರೆ ಸಾಲಿನ ಕೊನೆಯ ಯುನಿಟ್ಟಿನಲ್ಲಿ ಮುಂದೆ ಹೋಗಲು ದಾರಿಯಿಲ್ಲದ ಕಸ ಅಲ್ಲಿಯೇ ನೆಲೆಸುತ್ತದೆ, ಬೈಪಾಸ್ ಮುಚ್ಚಿ ಯುನಿಟ್ ತೆರೆದ ದಿನ ಅಷ್ಟೂ ಸ್ಟ್ರೈನರಿಗೆ ಬರುತ್ತದೆ. ಕೊನೆಯ ಯುನಿಟ್‌ಗಳ ಸ್ಟ್ರೈನರನ್ನು ಫ್ಲಷಿಂಗ್ ಆದ ಮೇಲೆ ಇನ್ನೊಮ್ಮೆ ತೆಗೆದು ನೋಡಬೇಕು ಎನ್ನುವುದು ಇದಕ್ಕೇ. ಜಾಲರಿ ತೊಳೆದು ಹಾಕಿ, ಗಾಳಿ ಬಿಟ್ಟು ಅಳೆದಾಗ ಕಾಯಿಲ್ 14, ವಾಲ್ವ್ 27.

ಗುತ್ತಿಗೆದಾರರ ವರದಿಯಲ್ಲಿ ಇದೇ ಯುನಿಟ್ ‘ಸರಿ’ ಆದದ್ದು ಹೇಗೆ? ಅದು ಸುಳ್ಳು ವರದಿಯಲ್ಲ, ಅವರು ಅಳೆದೇ ಬರೆದಿದ್ದರು. ಕಸ ತುಂಬಿದ ಸ್ಟ್ರೈನರಿನಲ್ಲಿ ಪೂರ್ಣ ಹರಿವಿಗೆ ಹೆಚ್ಚುವರಿಯಾಗಿ ಇಪ್ಪತ್ತೇಳೂವರೆಯ ಎರಡರಷ್ಟು, ಅಂದರೆ 55 ಕಳೆಯುತ್ತದೆ. 55, 23 ಮತ್ತು ವಾಲ್ವಿನ 22 ಕೂಡಿದರೆ ಸರಿಯಾಗಿ 100. ಅವರು ಇಟ್ಟಿದ್ದ ಒಂದು ಬಾರಿನಲ್ಲಿ ಆ ವಾಲ್ವ್ ಕೂದಲೆಳೆಯಲ್ಲಿ ಪಾಸಾಗಿತ್ತು. ಇನ್ನೊಂದು ಚಿಟಿಕೆ ಕಸ ಬಿದ್ದಿದ್ದರೆ ನಪಾಸಾಗುತ್ತಿತ್ತು, ಆಗ ಬಹುಶಃ ಸೆಟ್‌ಪಾಯಿಂಟ್ 120 ಆಗುತ್ತಿತ್ತು. ಈ ಕಾರಣಕ್ಕೇ ನಾನು ಮೊದಲ ಪರೀಕ್ಷೆಯನ್ನು ಲೆಕ್ಕದ ಒತ್ತಡದಲ್ಲೇ ಮಾಡಬೇಕೆನ್ನುವುದು. ಧಾರಾಳ ಒತ್ತಡದಲ್ಲಿ ಪಿಐಸಿವಿಗಳು ಎಲ್ಲ ದೋಷಗಳನ್ನೂ ಮುಚ್ಚಿಹಾಕುತ್ತವೆ.

ಉಳಿದ ಮಹಡಿಗಳಲ್ಲೂ ಇದನ್ನೇ ಮಾಡಿದೆವು, ಆದರೆ ಎರಡು ಒತ್ತಡಗಳಲ್ಲಿ. ಸೆನ್ಸರ್ 50ರಲ್ಲಿರುವಾಗ ಒಮ್ಮೆ, 70ಕ್ಕೆ ಏರಿಸಿ ಇನ್ನೊಮ್ಮೆ ಕಾಯಿಲ್ ಮೇಲಿನ ಇಳಿಕೆಯನ್ನು ಅಳೆಯುವುದು. ವಾಲ್ವ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಕಾಯಿಲ್‌ನ ಅಂಕಿ ಕದಲಬಾರದು, ಹೆಚ್ಚಿದ ಇಪ್ಪತ್ತೂ ವಾಲ್ವಿನ ಮೇಲೆಯೇ ಕಾಣಬೇಕು. ಕಾಯಿಲ್‌ನ ಅಂಕಿಯೂ ಏರಿದರೆ ವಾಲ್ವ್ ನಿಯಂತ್ರಿಸುತ್ತಿಲ್ಲವೆಂದೇ ಅರ್ಥ. ಬಹುತೇಕ ಯುನಿಟ್‌ಗಳು ಸರಿಯಿದ್ದವು, ಅವುಗಳ ಬಗ್ಗೆ ಹೇಳುವುದೇನೂ ಇಲ್ಲ.

ನಾಲ್ಕನೆಯ ಮಹಡಿಯಲ್ಲಿ ಒಂದೂವರೆ ಟನ್ನಿನ ಯುನಿಟ್ ಒಂದು ಮಾತ್ರ ವಿಚಿತ್ರವಾಗಿ ನಡೆದುಕೊಂಡಿತು. ಅದರ ಕಾಯಿಲ್‌ಗೆ 10 ಇರಬೇಕಿತ್ತು. ಮೊದಲ ಅಳತೆಯಲ್ಲಿ 15, ಎರಡನೆಯದರಲ್ಲಿ 19. ವಾಲ್ವಿನ ಮೇಲೆ ಕನಿಷ್ಠಕ್ಕಿಂತ ಬಹಳ ಹೆಚ್ಚು ಒತ್ತಡವಿತ್ತು, ಆದ್ದರಿಂದ ಕೊರತೆಯ ಪ್ರಶ್ನೆಯಿಲ್ಲ. ಆ ಮಹಡಿಯಲ್ಲಿ ಲಭ್ಯವಿದ್ದ ಒತ್ತಡ 75ರಿಂದ 95ಕ್ಕೆ ಏರಿತ್ತು, ಕಾಯಿಲ್ ಅದೇ ಅನುಪಾತದಲ್ಲಿ ಏರಿತ್ತು. ಅಂದರೆ ವಾಲ್ವ್ ಇದ್ದೂ ಇಲ್ಲದಂತೆ, ಬರೀ ಒಂದು ಕಿಂಡಿಯಂತೆ ವರ್ತಿಸುತ್ತಿತ್ತು. ಕಾಕಾ ಇನ್ಸುಲೇಷನ್ ಕತ್ತರಿಸಿ ವಾಲ್ವಿನ ಮೈಮೇಲಿನ ಬಾಣದ ಗುರುತು ತೋರಿಸಿದರು. ನೀರು ಹರಿಯುವ ದಿಕ್ಕಿಗೆ ವಿರುದ್ಧವಾಗಿ ಕೂರಿಸಿದ್ದರು. ಹಾಗೆ ಕೂರಿಸಿದಾಗ ಡಯಾಫ್ರಾಮ್‌ನ ಎರಡು ಬದಿಗಳಿಗೆ ಒತ್ತಡ ತಲೆಕೆಳಗಾಗಿ ತಲುಪುವುದರಿಂದ ಅದು ನಿಯಂತ್ರಿಸಲಾರದು. ಈ ಯುನಿಟ್ಟಿಗೆ ನಿಗದಿಗಿಂತ ಶೇಕಡಾ 20ಕ್ಕೂ ಹೆಚ್ಚು ನೀರು ಹೋಗುತ್ತಿತ್ತು. ಕೋಣೆ ಚೆನ್ನಾಗಿಯೇ ತಂಪಾಗುತ್ತಿದ್ದುದರಿಂದ ಯಾರೂ ಎಂದೂ ದೂರುತ್ತಿರಲಿಲ್ಲ. ಒಂದೇ ಒತ್ತಡದಲ್ಲಿ ವಾಲ್ವನ್ನು ಮಾತ್ರ ಅಳೆದಿದ್ದರೆ ಇದೂ ಪಾಸಾಗುತ್ತಿತ್ತು.

ಇನ್ನು ಸೆಟ್‌ಪಾಯಿಂಟ್ ಎಷ್ಟು ಇಳಿಯಬಹುದೆಂಬ ಪ್ರಶ್ನೆ. ಮೂಲೆಯ ಯುನಿಟ್ಟಿನ ಮೇಲೆ ಮ್ಯಾನೋಮೀಟರ್ ಬಿಟ್ಟು ನಿಧಾನವಾಗಿ ಇಳಿಸಿದೆವು. 45ರಲ್ಲಿ ವಾಲ್ವ್ ಮೇಲೆ 22, ಕಾಯಿಲ್ ಮೇಲೆ ಇನ್ನೂ 14. 40ಕ್ಕೆ ಇಳಿಸಿದಾಗ ಕಾಯಿಲ್ ಹನ್ನೆರಡೂವರೆಯ ಹತ್ತಿರಕ್ಕೆ ಬಿತ್ತು. ಕಾಗದದ ಲೆಕ್ಕ ಮತ್ತು ಅಳತೆ ಕೂಡಿಬಂದದ್ದು ಸಮಾಧಾನ ತಂದಿತು, ಆದರೆ ಅಲ್ಲಿಗೆ ನಿಲ್ಲಿಸುವಂತಿರಲಿಲ್ಲ. ಸೆನ್ಸರ್ ಇರುವ ಜಾಗವೇ ಅತಿ ಕಷ್ಟದ ಜಾಗವೆಂಬುದು ವಿನ್ಯಾಸಕಾರರ ಊಹೆ. ಪೈಪು ಹಾಕುವಾಗ ತೊಲೆಗಳನ್ನು ತಪ್ಪಿಸಲು ಸುತ್ತಿಸಿರುತ್ತಾರೆ, ಒಂದು ಸೈಜು ಕಡಿಮೆ ಪೈಪು ಸಿಕ್ಕಿ ಅದನ್ನೇ ಹಾಕಿರುತ್ತಾರೆ. ಆದ್ದರಿಂದ ಸೆನ್ಸರನ್ನು 45ರಲ್ಲೇ ಇಟ್ಟು ಎಲ್ಲ ಮಹಡಿಗಳ ಕೊನೆಯ ಯುನಿಟ್‌ಗಳನ್ನು ನೋಡಿಬಂದೆವು. ಮೂರನೆಯ ಮಹಡಿಯ ಪೂರ್ವ ತುದಿಯಲ್ಲಿ ವಾಲ್ವ್ ಮೇಲೆ 19 ಮಾತ್ರ ಇತ್ತು. ಸ್ಟ್ರೈನರ್ ತೆಗೆಸಿದೆ, ಚೊಕ್ಕವಾಗಿತ್ತು. ಸರ್ವರ್ ಕೋಣೆಯನ್ನು ತಪ್ಪಿಸಲು ಆ ಸಾಲಿನ ಪೈಪನ್ನು ಡ್ರಾಯಿಂಗ್‌ನಲ್ಲಿಲ್ಲದ ದಾರಿಯಲ್ಲಿ ಸುತ್ತಿಸಿದ್ದು ಆಮೇಲೆ ತಿಳಿಯಿತು. ಇದು ದೋಷವಲ್ಲ, ಕಟ್ಟಡದ ಸ್ವಭಾವ. ಅದಕ್ಕೆ ಬೇಕಾದ ಒತ್ತಡ ಕೊಡಲೇಬೇಕು. ಸೆನ್ಸರ್ 52ಕ್ಕೆ ಬಂದಾಗ ಆ ವಾಲ್ವ್ 22 ಮುಟ್ಟಿತು.

52ರ ಮೇಲೆ ತಣ್ಣನೆಯ ನೀರಿನ ದಪ್ಪಕ್ಕೆಂದು, ಸ್ಟ್ರೈನರ್‌ಗಳಲ್ಲಿ ಕಾಲಕ್ರಮೇಣ ಸೇರುವ ಕಸಕ್ಕೆಂದು ಸ್ವಲ್ಪ ಸೇರಿಸಿ 60 ಎಂದು ನಿಗದಿಪಡಿಸಿದೆ. ಕನ್ಸಲ್ಟಂಟರು ಬ್ರಿಟನ್ನಿನ ಸಿಐಬಿಎಸ್‌ಇ ಸಂಸ್ಥೆಯ ‘ಕಮಿಷನಿಂಗ್ ಕೋಡ್ ಡಬ್ಲ್ಯು’ ಅನ್ನು ಟೆಂಡರಿನಲ್ಲಿ ಉಲ್ಲೇಖಿಸಿದ್ದರಿಂದ ಪ್ರತಿ ಅಳತೆಯನ್ನೂ ಸಾಕ್ಷಿಯ ಸಹಿಯೊಂದಿಗೆ ದಾಖಲಿಸಿದೆವು. ಅವರು ನನ್ನನ್ನು ಕೇಳಿದ್ದು ಒಂದೇ: 100ರಿಂದ 60ಕ್ಕೆ ಇಳಿದರೆ ಉಳಿಯುವುದೆಷ್ಟು? ಪೂರ್ಣ ಹರಿವಾದ 77 ಘನ ಮೀಟರ್ ಎಂದರೆ ಸೆಕೆಂಡಿಗೆ 21.4 ಲೀಟರ್, ಅದನ್ನು 40 ಕಿಲೋಪಾಸ್ಕಲ್‌ನಿಂದ ಗುಣಿಸಿದರೆ 856 ವ್ಯಾಟ್. ಪಂಪು, ಮೋಟಾರು, ವಿಎಫ್‌ಡಿ ಎಲ್ಲದರ ದಕ್ಷತೆ ಸೇರಿ ಶೇಕಡಾ 65 ಎಂದು ಹಿಡಿದರೆ ಮೀಟರಿನಲ್ಲಿ 1.3 ಕಿಲೋವ್ಯಾಟ್. ಈ ಅಂಕಿ ಕೇಳಿ ಅವರಿಗೆ ನಿರಾಸೆಯಾದಂತೆ ಕಂಡಿತು. ಆದರೆ ಪೂರ್ಣ ಹರಿವು ವರ್ಷದಲ್ಲಿ ಬರುವುದು ಏಪ್ರಿಲ್, ಮೇ ತಿಂಗಳ ಕೆಲವು ಮಧ್ಯಾಹ್ನಗಳಲ್ಲಿ. ಅರ್ಧ ಹರಿವಿನಲ್ಲಿ ಮುಖ್ಯ ಪೈಪಿನ ನಷ್ಟ ಕಾಲು ಭಾಗಕ್ಕೆ ಇಳಿದು ಸುಮಾರು 18 ಆಗುತ್ತದೆ. ಆಗ ಪಂಪು ಹುಟ್ಟಿಸಬೇಕಾದ ಒಟ್ಟು ಒತ್ತಡ 118ರ ಬದಲು 78, ಅಂದರೆ ಮೂರನೆಯ ಒಂದು ಭಾಗ ಕಡಿಮೆ. ವರ್ಷದ ಬಹುಪಾಲು ಗಂಟೆಗಳು ಇಂಥವೇ.

ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಚಿಲ್ಲರ್ ಹಚ್ಚಿ ಇನ್ನೊಂದು ಪರೀಕ್ಷೆ ಮಾಡಿದೆವು. ಒಂದೊಂದೇ ಮಹಡಿಯ ಎಲ್ಲ ವಾಲ್ವುಗಳನ್ನು ಮುಚ್ಚಿಸಿ, ಆಕ್ಚುಯೇಟರ್‌ಗಳು ತಣ್ಣಗಾಗುವವರೆಗೆ ಕಾದು, ಪ್ರತಿ ಯುನಿಟ್ಟಿನ ಫ್ಲಷಿಂಗ್ ಬೈಪಾಸ್ ಪೈಪನ್ನು ಮುಟ್ಟಿ ನೋಡುವುದು. ಮುಚ್ಚಿದ ಬೈಪಾಸಿನ ನಡುಭಾಗ ಬರಬರುತ್ತಾ ಕೋಣೆಯ ಬಿಸಿಗೆ ಬರಬೇಕು. ಎರಡು ಕಡೆ ಅದು ತಣ್ಣಗೆ ಬೆವರುತ್ತಿತ್ತು. ಹಿಡಿಕೆಗಳು ಮುಚ್ಚಿದ ಸ್ಥಾನದಲ್ಲೇ ಇದ್ದವು, ಆದರೆ ಬಾಲ್ ವಾಲ್ವಿನ ಸೀಟಿನಲ್ಲಿ ಕಸ ಕಚ್ಚಿಕೊಂಡು ಪೂರ್ತಿ ಕೂತಿರಲಿಲ್ಲ. ಇಂಥ ಸೋರಿಕೆಯನ್ನು ಪಿಐಸಿವಿ ತಡೆಯಲಾರದು, ಏಕೆಂದರೆ ಆ ನೀರು ಅದರ ಮೂಲಕ ಹೋಗುವುದೇ ಇಲ್ಲ; ತಣ್ಣನೆಯ ಸಪ್ಲೈ ನೀರು ನೇರವಾಗಿ ರಿಟರ್ನ್ ಸೇರಿ ಚಿಲ್ಲರಿಗೆ ಹಿಂದಿರುಗುತ್ತದೆ. ಆ ಬಾಲ್ ವಾಲ್ವುಗಳನ್ನು ಬದಲಿಸಿ, ಎಲ್ಲ ಬೈಪಾಸ್‌ಗಳ ಹಿಡಿಕೆ ತೆಗೆದು ನಿರ್ವಹಣಾ ಕೊಠಡಿಯಲ್ಲಿ ಇಡಿಸಿದೆವು.

ಹಸ್ತಾಂತರದ ಕಡತದಲ್ಲಿ ಪ್ರತಿ ಯುನಿಟ್ಟಿಗೂ ಒಂದು ಸಾಲು ಬರೆದುಕೊಟ್ಟೆ: ಡಯಲ್‌ನ ಸ್ಥಾನ, ಆ ಸ್ಥಾನಕ್ಕೆ ಬೇಕಾದ ಕನಿಷ್ಠ ಒತ್ತಡ ವ್ಯತ್ಯಾಸ, ಎರಡು ಸೆಟ್‌ಪಾಯಿಂಟ್‌ಗಳಲ್ಲಿ ವಾಲ್ವ್ ಮತ್ತು ಕಾಯಿಲ್‌ನ ಅಳತೆಗಳು. ಮೊದಲ ಮಹಡಿಯ ಮೂಲೆಯ ಮತ್ತು ಮೂರನೆಯ ಮಹಡಿಯ ಪೂರ್ವ ತುದಿಯ ಸಾಲುಗಳಿಗೆ ಕೆಂಪು ಗುರುತು ಹಾಕಿ, ತಂಪು ಸಾಲದೆಂಬ ದೂರು ಎಲ್ಲಿಂದ ಬಂದರೂ ಮೊದಲು ಈ ಎರಡು ಕಡೆ ವಾಲ್ವಿನ ಮೇಲಿನ ಒತ್ತಡ ಅಳೆಯಬೇಕೆಂದು ಸೂಚಿಸಿದೆ. ಎರಡು ಕಡೆಯೂ 22ಕ್ಕಿಂತ ಹೆಚ್ಚಿದ್ದರೆ ಪಂಪಿನ ಸೆಟ್‌ಪಾಯಿಂಟ್ ಮುಟ್ಟಬಾರದು, ದೂರು ಬಂದ ಯುನಿಟ್ಟಿನ ಸ್ಟ್ರೈನರ್ ಬಿಚ್ಚಬೇಕು. ವಿಎಫ್‌ಡಿಯ ಪಾಸ್‌ವರ್ಡನ್ನು ಕಟ್ಟಡದ ಮುಖ್ಯ ನಿರ್ವಹಣಾಧಿಕಾರಿಯ ಕೈಗೆ ಕೊಟ್ಟು ಸಹಿ ಪಡೆದೆ. ಕೋಣೆಗಳ ಉಷ್ಣಾಂಶ ಮತ್ತು ರಿಟರ್ನ್ ನೀರು 54 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತದೆಯೇ ಎಂಬುದರ ಪರೀಕ್ಷೆ, ಅದಕ್ಕೆ ನಿಜವಾದ ಬಿಸಿಲು ಬೇಕಾದ್ದರಿಂದ, ಏಪ್ರಿಲ್‌ಗೆ ಉಳಿಯಿತು.